ಉದ್ದದ ಪ್ಯಾರಾವನ್ನು ಅರ್ಧಕ್ಕೆ ಇಳಿಸುವುದು: ಒಂದು ಸಂಗತಿಯೂ ಬಿಡದೆ, ಒತ್ತೂ ತಪ್ಪದೆ

ಸ್ಮರಣ ಸಂಚಿಕೆಗೆ, ಪತ್ರಿಕೆಗೆ, ಸಂಘದ ವಾರ್ಷಿಕ ವರದಿಗೆ ಬರುವ ಬರಹಗಳನ್ನು ತಿದ್ದುವವರಿಗೆಲ್ಲ ಒಂದು ಕೆಲಸ ತಪ್ಪಿದ್ದಲ್ಲ. ಪುಟದಲ್ಲಿ ಇರುವ ಜಾಗ ಅರ್ಧ, ಬಂದಿರುವ ಪ್ಯಾರಾ ಅದರ ಎರಡರಷ್ಟು. ಬರೆದವರು ಹೇಳಿದ ಯಾವ ಸಂಗತಿಯನ್ನೂ ಬಿಡುವಂತಿಲ್ಲ, ಅವರು ಯಾವುದನ್ನು ಎತ್ತಿ ಹೇಳಿದ್ದಾರೋ ಅದು ತಗ್ಗುವಂತಿಲ್ಲ. ಸಾರಾಂಶ ಬರೆಯುವುದಕ್ಕಿಂತ ಇದು ಕಷ್ಟದ ಕೆಲಸ. ಸಾರಾಂಶದಲ್ಲಿ ಸಣ್ಣ ಸಂಗತಿಗಳನ್ನು ಬಿಡುವ ಸ್ವಾತಂತ್ರ್ಯವಿದೆ, ಇಲ್ಲಿ ಅದಿಲ್ಲ.

ಒಂದೇ ಪ್ಯಾರಾವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಪ್ಯಾರಾವನ್ನು ಈ ಲೇಖನಕ್ಕಾಗಿಯೇ ಬರೆದುಕೊಂಡಿದ್ದೇನೆ, ಆದರೆ ಇದರ ಧಾಟಿ ತಿದ್ದುವವರ ಮೇಜಿಗೆ ದಿನವೂ ಬರುವಂಥದ್ದೇ. ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ಕುರಿತ ಲೇಖನದ ನಡುವೆ ಇದು ಬರುತ್ತದೆ ಎಂದುಕೊಳ್ಳಿ.

> ನಮಗೆಲ್ಲರಿಗೂ ತಿಳಿದಿರುವಂತೆ ಇಂದು ವಿದ್ಯುತ್ ಇಲ್ಲದ ಬದುಕನ್ನು ಊಹಿಸಿಕೊಳ್ಳುವುದೂ ಕಷ್ಟ. ಮೈಸೂರು ಸಂಸ್ಥಾನಕ್ಕೆ ವಿದ್ಯುತ್ ಬಂದ ಕಥೆಯನ್ನು ಹೇಳುವುದಾದರೆ, ಕಾವೇರಿ ನದಿಯ ಶಿವನಸಮುದ್ರ ಜಲಪಾತದ ಬಳಿ ಜಲವಿದ್ಯುತ್ ಕೇಂದ್ರವೊಂದನ್ನು ಸ್ಥಾಪನೆ ಮಾಡುವ ಕಾರ್ಯವನ್ನು ಅಂದು ದಿವಾನರಾಗಿ ಸೇವೆ ಸಲ್ಲಿಸುತ್ತಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಳ್ಳಲಾಯಿತು. ಈ ಕೇಂದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು 1902ರ ಜೂನ್ ತಿಂಗಳಿನಲ್ಲಿ ಸುಮಾರು 147 ಕಿಲೋಮೀಟರ್‌ಗಳಷ್ಟು ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಪೂರೈಕೆ ಮಾಡಲಾಯಿತು. ಇಷ್ಟೊಂದು ದೂರ ವಿದ್ಯುತ್ತನ್ನು ಸಾಗಿಸುವುದು ಅಂದಿನ ಕಾಲಕ್ಕೆ ದೊಡ್ಡ ಸಾಹಸವೇ ಆಗಿತ್ತು ಎಂದರೆ ತಪ್ಪಾಗಲಾರದು. ಆ ವಿದ್ಯುತ್ ಮಾರ್ಗವು ಆಗ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಹೀಗೆ ವಿದ್ಯುತ್ ಮೊದಲು ಹೋದದ್ದು ಸಂಸ್ಥಾನದ ಜನರ ಮನೆಗಳಿಗೆ ಅಲ್ಲ, ಬ್ರಿಟಿಷ್ ಕಂಪನಿಗಳು ನಡೆಸುತ್ತಿದ್ದ ಗಣಿಗಳಿಗೆ ಎಂಬುದು ಮುಖ್ಯ. ಬೆಂಗಳೂರು ನಗರಕ್ಕೆ ವಿದ್ಯುತ್ ದೀಪದ ಭಾಗ್ಯ ದೊರೆತದ್ದು ಮೂರು ವರ್ಷಗಳ ನಂತರ, ಅಂದರೆ 1905ರ ಆಗಸ್ಟ್ ತಿಂಗಳಿನಲ್ಲಿ. ಇಷ್ಟೆಲ್ಲಕ್ಕೂ ಕಾರಣಕರ್ತರಾದ ಶೇಷಾದ್ರಿ ಅಯ್ಯರ್ ಅವರು ಮಾತ್ರ ಇದ್ಯಾವುದನ್ನೂ ನೋಡಲು ಇರಲೇ ಇಲ್ಲ, ಅವರು 1901ರ ಸೆಪ್ಟೆಂಬರ್ ತಿಂಗಳಿನಲ್ಲಿಯೇ ನಿಧನ ಹೊಂದಿದ್ದರು ಎನ್ನುವುದು ಬೇಸರದ ಸಂಗತಿ.

ಇದರಲ್ಲಿ 119 ಪದಗಳಿವೆ. ನಮಗೆ ಬೇಕಾಗಿರುವುದು ಅರವತ್ತರ ಆಸುಪಾಸು.

ಮೊದಲ ಹೆಜ್ಜೆ: ಒತ್ತು ಎಲ್ಲಿದೆ ಎಂದು ಗುರುತು ಹಾಕಿ

ಕತ್ತರಿ ಹಿಡಿಯುವ ಮೊದಲೇ ಈ ಕೆಲಸ ಆಗಬೇಕು. ಪದಗಳನ್ನು ಕಡಿದ ಮೇಲೆ ಒತ್ತನ್ನು ಹುಡುಕಹೊರಟರೆ, ಅದನ್ನು ತೋರಿಸುತ್ತಿದ್ದ ಗುರುತುಗಳೇ ಆ ವೇಳೆಗೆ ಕಸದ ಬುಟ್ಟಿ ಸೇರಿರುತ್ತವೆ.

ಕನ್ನಡದಲ್ಲಿ ಬರೆಯುವವರು ದನಿ ಎತ್ತುವ ಜಾಗಗಳು ಬಹುಮಟ್ಟಿಗೆ ಸಣ್ಣ ಸಣ್ಣ ಗುರುತುಗಳಲ್ಲಿ ಸಿಗುತ್ತವೆ. ವ್ಯಾಕರಣ ಅವಧಾರಣೆ ಎಂದು ಕರೆಯುವ 'ಏ' ಅವುಗಳಲ್ಲಿ ಮೊದಲನೆಯದು. 'ಸೆಪ್ಟೆಂಬರ್‌ನಲ್ಲಿ' ಎಂಬುದು ಬರೀ ದಿನಾಂಕ. 'ಸೆಪ್ಟೆಂಬರ್‌ನಲ್ಲಿಯೇ' ಎಂದರೆ 'ಅಷ್ಟು ಬೇಗ' ಎಂಬ ಮಾತೂ ಸೇರಿತು. 'ಮಾತ್ರ', 'ಅಂತೂ', 'ಯಾವುದನ್ನೂ' ಎಂಬಲ್ಲಿನ 'ಊ' ಕೂಡ ಇದೇ ಕೆಲಸ ಮಾಡುತ್ತವೆ. ಎರಡನೆಯದು ವಾಕ್ಯದ ಕಟ್ಟು. 'ವಿದ್ಯುತ್ ಮೊದಲು ಗಣಿಗಳಿಗೆ ಹೋಯಿತು' ಎಂದು ಬರೆಯಬಹುದಾಗಿದ್ದ ಕಡೆ 'ಮೊದಲು ಹೋದದ್ದು ಗಣಿಗಳಿಗೆ' ಎಂದು ಬರೆದಿದ್ದರೆ, ಲೇಖಕರು 'ಗಣಿಗಳಿಗೆ' ಎಂಬ ಪದವನ್ನು ಬೇಕೆಂದೇ ಕೊನೆಗೆ ತಂದಿದ್ದಾರೆ. ಮೂರನೆಯದು ಪ್ಯಾರಾದಲ್ಲಿ ಆ ಮಾತು ಬರುವ ಜಾಗ. ಪ್ಯಾರಾದ ಕೊನೆಯ ವಾಕ್ಯ ಓದುಗರ ಮನಸ್ಸಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. 'ಎಂಬುದು ಮುಖ್ಯ', 'ಇಲ್ಲಿ ಗಮನಿಸಬೇಕು' ಎಂಬ ಮಾತುಗಳನ್ನು ಒತ್ತಿನ ಗುರುತು ಎಂದು ನಂಬಬೇಡಿ. ನಮ್ಮ ಪ್ಯಾರಾದಲ್ಲಿ 'ಗಮನಿಸಬೇಕು' ಎಂದಿರುವುದು ವಿದ್ಯುತ್ ಮಾರ್ಗದ ಉದ್ದದ ಬಗ್ಗೆ, 'ಮುಖ್ಯ' ಎಂದಿರುವುದು ಗಣಿಗಳ ಬಗ್ಗೆ. ಆದರೆ 'ಮಾತ್ರ', 'ಇದ್ಯಾವುದನ್ನೂ', 'ಇರಲೇ ಇಲ್ಲ', 'ತಿಂಗಳಿನಲ್ಲಿಯೇ' ಎಂದು ಎಲ್ಲ ಗುರುತುಗಳೂ ಒಟ್ಟಿಗೆ ಬಂದು ಕೂತಿರುವುದು ಕೊನೆಯ ವಾಕ್ಯದಲ್ಲಿ. ಲೇಖನವೂ ದಿವಾನರ ಬಗ್ಗೆಯೇ ಇರುವಂಥದ್ದು. ಹಾಗಾಗಿ ನನ್ನ ತೀರ್ಮಾನ ಇದು: ದೊಡ್ಡ ಒತ್ತು ಇರುವುದು ದಿವಾನರು ಇದನ್ನು ನೋಡಲು ಉಳಿದಿರಲಿಲ್ಲ ಎಂಬುದರ ಮೇಲೆ. ವಿದ್ಯುತ್ ಮೊದಲು ಗಣಿಗೆ ಹೋಯಿತು ಎಂಬುದು ಎರಡನೆಯ ಒತ್ತು. ಮಾರ್ಗದ ಉದ್ದ ಒಂದು ಸಂಗತಿ, ಅಷ್ಟೇ.

ಈ ತೀರ್ಮಾನವನ್ನು ಪ್ಯಾರಾದ ಅಂಚಿನಲ್ಲಿ ಒಂದು ಸಾಲಿನಲ್ಲಿ ಬರೆದಿಡಿ. ಎರಡು ಒತ್ತುಗಳಲ್ಲಿ ದೊಡ್ಡದು ಯಾವುದೆಂದು ನಿಮಗೇ ತಿಳಿಯದಿದ್ದರೆ ಬರೆದವರಿಗೆ ಫೋನ್ ಮಾಡಿ ಕೇಳಿ. ಊಹಿಸಿ ಕತ್ತರಿಸುವುದಕ್ಕಿಂತ ಎರಡು ನಿಮಿಷದ ಮಾತು ಮೇಲು.

ಎರಡನೆಯ ಹೆಜ್ಜೆ: ಸಂಗತಿಗಳ ಪಟ್ಟಿ

ಈಗ ಮೂಲವನ್ನು ಪಕ್ಕಕ್ಕಿಟ್ಟುಕೊಂಡು, ಅದರಲ್ಲಿರುವ ಸಂಗತಿಗಳನ್ನು ಸಂಖ್ಯೆ ಹಾಕಿ ಬರೆದುಕೊಳ್ಳಿ. ವಾಕ್ಯ ಬೇಡ, ತುಂಡು ಮಾತು ಸಾಕು. ನಮ್ಮ ಪ್ಯಾರಾದ ಪಟ್ಟಿ ಹೀಗಾಗುತ್ತದೆ:

1. ಮೈಸೂರು ಸಂಸ್ಥಾನ, ಕಾವೇರಿಯ ಶಿವನಸಮುದ್ರ ಜಲಪಾತದ ಬಳಿ ಜಲವಿದ್ಯುತ್ ಕೇಂದ್ರ
2. ಕೆಲಸ ಕೈಗೆತ್ತಿಕೊಂಡದ್ದು ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ
3. 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್
4. ದೂರ ಸುಮಾರು 147 ಕಿ.ಮೀ.
5. ಆಗ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು
6. ವಿದ್ಯುತ್ ಮೊದಲು ಹೋದದ್ದು ಗಣಿಗೆ, ಜನರ ಮನೆಗಲ್ಲ
7. ಗಣಿ ನಡೆಸುತ್ತಿದ್ದದ್ದು ಬ್ರಿಟಿಷ್ ಕಂಪನಿಗಳು
8. ಬೆಂಗಳೂರಿಗೆ ವಿದ್ಯುತ್ ದೀಪ 1905ರ ಆಗಸ್ಟ್‌ನಲ್ಲಿ
9. ಇದಕ್ಕೆಲ್ಲ ಕಾರಣರಾದವರು ಅಯ್ಯರ್
10. ಅವರು 1901ರ ಸೆಪ್ಟೆಂಬರ್‌ನಲ್ಲಿ ನಿಧನರಾದರು, ಇದನ್ನು ನೋಡಲಿಲ್ಲ

ಪಟ್ಟಿ ಮಾಡುವಾಗ ಹೆಚ್ಚಾಗಿ ಕಳೆದುಹೋಗುವುದು ದೊಡ್ಡ ಸಂಗತಿಗಳಲ್ಲ, ಅವುಗಳಿಗೆ ಅಂಟಿಕೊಂಡ ಸಣ್ಣ ಪದಗಳು. ನಾಲ್ಕನೆಯದರ 'ಸುಮಾರು', ಐದನೆಯದರ 'ಆಗ' ಮತ್ತು 'ಒಂದು' ಇವು ಅಲಂಕಾರಕ್ಕೆ ಬಂದವಲ್ಲ. 'ಸುಮಾರು' ಬಿಟ್ಟರೆ ಅಳೆದು ಹೇಳಿದಂತಾಗುತ್ತದೆ. 'ಅತಿ ಉದ್ದದ ಮಾರ್ಗಗಳಲ್ಲಿ ಒಂದು' ಎಂಬುದನ್ನು 'ಅತಿ ಉದ್ದದ ಮಾರ್ಗ' ಎಂದು ಮಾಡಿದರೆ ಒಂದು ಪದ ಉಳಿಯುತ್ತದೆ, ಆದರೆ ಲೇಖಕರು ಹೇಳದ ಮಾತೊಂದನ್ನು ಅವರ ಹೆಸರಿನಲ್ಲಿ ನಾವು ಹೇಳಿದಂತಾಗುತ್ತದೆ.

'ಎನ್ನಲಾಗಿದೆ', 'ಎಂದು ದೂರಿದ್ದಾರೆ', 'ಅಂತೆ' ಎಂಬವೂ ಈ ಗುಂಪಿಗೇ ಸೇರುತ್ತವೆ. 'ಕೆರೆ ಒತ್ತುವರಿಗೆ ಅಧಿಕಾರಿಗಳೇ ನೆರವಾಗಿದ್ದಾರೆ ಎಂದು ಗ್ರಾಮಸ್ಥರು ದೂರಿದ್ದಾರೆ' ಎಂಬ ವಾಕ್ಯದಿಂದ ಕೊನೆಯ ಮೂರು ಪದಗಳನ್ನು ತೆಗೆದು ನೋಡಿ. ದೂರು ಸಾಬೀತಾದ ಸತ್ಯವಾಗಿಬಿಡುತ್ತದೆ. ಯಾರು ಹೇಳಿದರು ಎಂಬುದು ಸ್ವತಃ ಒಂದು ಸಂಗತಿ, ಅದಕ್ಕೂ ಪಟ್ಟಿಯಲ್ಲಿ ಸಂಖ್ಯೆ ಕೊಡಿ.

ಇನ್ನು ಪಟ್ಟಿಗೆ ಬಾರದೆ ಉಳಿದದ್ದನ್ನು ನೋಡೋಣ. 'ವಿದ್ಯುತ್ ಇಲ್ಲದ ಬದುಕನ್ನು ಊಹಿಸುವುದೂ ಕಷ್ಟ' ಎಂಬುದು ಯಾವ ಊರಿನ ಯಾವ ವಿದ್ಯುತ್ ಕೇಂದ್ರದ ಲೇಖನಕ್ಕೂ ಹೊಂದುವ ಮಾತು, ಇಲ್ಲಿನ ಸಂಗತಿಯಲ್ಲ. 'ದೊಡ್ಡ ಸಾಹಸ' ಎಂಬುದು ಅಭಿಪ್ರಾಯ. ಅದಕ್ಕೆ ಆಧಾರವಾದ ಐದನೆಯ ಸಂಗತಿ ಪಕ್ಕದಲ್ಲೇ ಇರುವುದರಿಂದ ಓದುಗರೇ ಆ ಅಭಿಪ್ರಾಯಕ್ಕೆ ಬರುತ್ತಾರೆ. 'ಬೇಸರದ ಸಂಗತಿ' ಎಂಬುದೂ ಹಾಗೆಯೇ.

'ಮೂರು ವರ್ಷಗಳ ನಂತರ' ಎಂಬುದರ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. 1902 ಮತ್ತು 1905 ಎರಡೂ ಪ್ಯಾರಾದಲ್ಲಿ ಇರುವುದರಿಂದ ಈ ಲೆಕ್ಕವನ್ನು ಓದುಗರು ತಾವೇ ಹಾಕಿಕೊಳ್ಳುತ್ತಾರೆ. ಬೆಂಗಳೂರು ಕಾಯಬೇಕಾಯಿತು ಎಂಬುದೇ ಲೇಖಕರ ದೊಡ್ಡ ಒತ್ತಾಗಿದ್ದರೆ ಅದನ್ನು ಉಳಿಸುತ್ತಿದ್ದೆ. ಇಲ್ಲಿ ಅದು ಒತ್ತಲ್ಲ. ಇಸವಿ, ತಿಂಗಳು ಉಳಿದರೆ ಸಾಕು.

ಮೂರನೆಯ ಹೆಜ್ಜೆ: ಭಾರವಿಲ್ಲದ್ದನ್ನು ಮೊದಲು ತೆಗೆಯಿರಿ

ಯಾವ ಸಂಗತಿಯನ್ನೂ ಮುಟ್ಟದೆ ಎಷ್ಟು ಪದ ತೆಗೆಯಬಹುದು ಎಂದು ನೋಡುವುದು ಈ ಹೆಜ್ಜೆ. ಕನ್ನಡ ಬರಹದಲ್ಲಿ ಇದು ಬಹುಪಾಲು ಮೂರು ಕಡೆ ಸಿಗುತ್ತದೆ.

ಮೊದಲನೆಯದು, ಮಾತಿಗೆ ಮುಂಚಿನ ಪೀಠಿಕೆ ಮತ್ತು ಮಾತಾದ ಮೇಲಿನ ಬಾಲ. 'ನಮಗೆಲ್ಲರಿಗೂ ತಿಳಿದಿರುವಂತೆ', 'ಕಥೆಯನ್ನು ಹೇಳುವುದಾದರೆ', 'ಎಂದರೆ ತಪ್ಪಾಗಲಾರದು', 'ಎಂಬುದನ್ನು ಇಲ್ಲಿ ಗಮನಿಸಬೇಕು', 'ಎನ್ನುವುದು'. ಭಾಷಣದಲ್ಲಿ ಇವಕ್ಕೆ ಕೆಲಸವಿದೆ, ಕೇಳುವವರಿಗೆ ಉಸಿರಾಡಲು ಸಮಯ ಕೊಡುತ್ತವೆ. ಪುಟದ ಮೇಲೆ ಆ ಅಗತ್ಯವಿಲ್ಲ.

ಎರಡನೆಯದು, ಊದಿಕೊಂಡ ಕ್ರಿಯಾಪದ. 'ಸ್ಥಾಪನೆ ಮಾಡುವ ಕಾರ್ಯವನ್ನು ಕೈಗೆತ್ತಿಕೊಳ್ಳಲಾಯಿತು', 'ಪೂರೈಕೆ ಮಾಡಲಾಯಿತು', 'ನಿಧನ ಹೊಂದಿದ್ದರು', 'ಸೇವೆ ಸಲ್ಲಿಸುತ್ತಿದ್ದ'. ಕಚೇರಿಯ ಕಡತಗಳಿಂದ ಬಂದ ಈ ಶೈಲಿ ನಮ್ಮೆಲ್ಲರ ಕೈಗೂ ಅಂಟಿದೆ. ಒಂದು ನಾಮಪದ, ಅದರ ಬೆನ್ನಿಗೊಂದು 'ಮಾಡು' ಕಂಡಾಗಲೆಲ್ಲ ಅದನ್ನು ಒಂದೇ ಕ್ರಿಯಾಪದವಾಗಿಸಲು ಆಗುವುದೇ ನೋಡಿ. ಆದರೆ '-ಲಾಯಿತು' ಎಂಬಲ್ಲಿ ಕೆಲಸ ಮಾಡಿದವರು ಯಾರೆಂದು ಮೂಲದಲ್ಲಿ ಇಲ್ಲದಿದ್ದರೆ, ವಾಕ್ಯ ಚುರುಕಾಗಲಿ ಎಂದು ನೀವು ಒಬ್ಬ ಕರ್ತೃವನ್ನು ಹುಟ್ಟಿಸಬಾರದು. 'ಕೆಲಸ ಶುರುವಾಯಿತು' ಎಂದರೆ ಚಿಕ್ಕದೂ ಆಯಿತು, ಸುಳ್ಳೂ ಆಗಲಿಲ್ಲ.

ಮೂರನೆಯದು, ಒಂದೇ ವಿಷಯ ಎರಡು ವಾಕ್ಯದಲ್ಲಿ ಬರುವುದು. ನಮ್ಮ ಪ್ಯಾರಾದಲ್ಲಿ ಗಣಿಗಳಿಗೆ ವಿದ್ಯುತ್ ಹೋದದ್ದು ಒಮ್ಮೆ ದಿನಾಂಕದ ಜೊತೆ, ಇನ್ನೊಮ್ಮೆ 'ಮನೆಗಳಿಗೆ ಅಲ್ಲ' ಎಂಬುದರ ಜೊತೆ ಬಂದಿದೆ. ಇವೆರಡನ್ನೂ ಒಂದು ಮಾಡಬೇಕು. ಯಾವ ಕಟ್ಟನ್ನು ಉಳಿಸಬೇಕು ಎಂಬ ಪ್ರಶ್ನೆಗೆ ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಸಾಲೇ ಉತ್ತರ ಕೊಡುತ್ತದೆ: ಒತ್ತು ಇರುವ 'ಹೋದದ್ದು... ಗಣಿಗಳಿಗೆ' ಎಂಬ ಕಟ್ಟನ್ನು ಉಳಿಸಿ, ದಿನಾಂಕವನ್ನೂ ದೂರವನ್ನೂ ಅದರೊಳಗೆ ಸೇರಿಸಬೇಕು. 'ನದಿಯ', 'ನಗರಕ್ಕೆ', 'ತಿಂಗಳಿನಲ್ಲಿ' ಇವೆಲ್ಲ ಕೈ ಹಾಕಿದ ಕೂಡಲೇ ಉದುರುತ್ತವೆ. ಕಾವೇರಿ ನದಿ, ಜೂನ್ ತಿಂಗಳು ಎಂಬುದು ಕನ್ನಡ ಓದುವ ಯಾರಿಗೂ ಹೊಸದಲ್ಲ.

ನಾಲ್ಕನೆಯ ಹೆಜ್ಜೆ: ಮತ್ತೆ ಕಟ್ಟುವುದು

ಹೆಚ್ಚಿನವರು ಎಡವುವುದು ಇಲ್ಲಿ. ಸಂಗತಿಗಳನ್ನು ಒತ್ತೊತ್ತಾಗಿ ಜೋಡಿಸುವ ಆತುರದಲ್ಲಿ ಪ್ಯಾರಾ ಸಾಮಾನ್ಯವಾಗಿ ಹೀಗಾಗುತ್ತದೆ:

> ಶೇಷಾದ್ರಿ ಅಯ್ಯರ್ ಕಟ್ಟಿಸಿದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ಪೂರೈಸಲಾಯಿತು. 1901ರಲ್ಲಿ ನಿಧನರಾದ ಅಯ್ಯರ್ ಇದನ್ನು ನೋಡಲಿಲ್ಲ.

ಓದಲು ಚೊಕ್ಕವಾಗಿದೆ, ಅದೇ ಇದರ ಅಪಾಯ. ಬ್ರಿಟಿಷ್ ಕಂಪನಿಗಳು, ಜಗತ್ತಿನ ಉದ್ದದ ಮಾರ್ಗ, ತಿಂಗಳುಗಳು, 'ಸುಮಾರು' ಎಲ್ಲವೂ ಹೋಗಿವೆ. ಅವನ್ನು ಪಟ್ಟಿ ನೋಡಿ ಹಿಂದಕ್ಕೆ ತರಬಹುದು. ಅದಕ್ಕಿಂತ ಕೆಟ್ಟದ್ದು, ಕಣ್ಣಿಗೆ ಬೀಳದ ಮೂರು ತಪ್ಪುಗಳು.

'ಕಟ್ಟಿಸಿದ' ಎಂಬ ಪದ ಅವರ ಕಾಲದಲ್ಲೇ ಕೆಲಸ ಮುಗಿಯಿತು ಎನ್ನುತ್ತದೆ, ಮೂಲದಲ್ಲಿ ಇರುವುದು ಕೈಗೆತ್ತಿಕೊಂಡ ಮಾತು ಮಾತ್ರ. 'ಗಣಿಗಳಿಗೂ ಬೆಂಗಳೂರಿಗೂ' ಎಂಬ ಜೋಡಿ 'ಊ' ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದೆ. ಯಾರಿಗೆ ಮೊದಲು ಎಂಬ ಲೇಖಕರ ಮಾತು ಅಲ್ಲೇ ಕರಗಿತು. ಇನ್ನು ಸಾವಿನ ಸಂಗತಿಯನ್ನು 'ನಿಧನರಾದ ಅಯ್ಯರ್' ಎಂದು ಹೆಸರಿಗೆ ಮುಂಚೆ ವಿಶೇಷಣವಾಗಿ ತುರುಕಲಾಗಿದೆ. ಕನ್ನಡದಲ್ಲಿ 'ಬಂದ', 'ಆದ', 'ಇರುವ' ರೂಪದಲ್ಲಿ ಹೆಸರಿಗೆ ಮುಂಚೆ ಬಂದದ್ದು ಓದುಗರಿಗೆ ಈಗಾಗಲೇ ಗೊತ್ತಿರುವ ಮಾಹಿತಿಯಂತೆ ಕೇಳಿಸುತ್ತದೆ. ಪದ ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ ನಿಜ, ಆದರೆ ಅದನ್ನು ಒತ್ತಿಲ್ಲದ ಸಂಗತಿಗಳಿಗಷ್ಟೇ ಬಳಸಬೇಕು. ಒತ್ತು ಹೊತ್ತ ಸಂಗತಿಗೆ ತನ್ನದೇ ಆದ, ಪೂರ್ಣ ಕ್ರಿಯಾಪದವಿರುವ ವಾಕ್ಯ ಬೇಕು. ಹಾಗೆಯೇ ಒಂದೇ ಹೆಸರಿಗೆ ಮುಂಚೆ ಇಂಥ ವಿಶೇಷಣಗಳು ಮೂರು ನಾಲ್ಕು ಸೇರಿದರೆ ಓದುಗರು ಹೆಸರು ಬರುವಷ್ಟರಲ್ಲಿ ಮೊದಲನೆಯದನ್ನು ಮರೆತಿರುತ್ತಾರೆ. ಅಲ್ಲಿ ವಾಕ್ಯ ಮುರಿಯುವುದೇ ಸರಿ, ಒಂದೆರಡು ಪದ ಹೆಚ್ಚಾದರೂ ಚಿಂತೆಯಿಲ್ಲ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ರೂಪ ಇದು:

> ಮೈಸೂರು ಸಂಸ್ಥಾನದ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಾವೇರಿಯ ಶಿವನಸಮುದ್ರ ಜಲಪಾತದ ಬಳಿ ಜಲವಿದ್ಯುತ್ ಕೇಂದ್ರದ ಕೆಲಸ ಶುರುವಾಯಿತು. 1902ರ ಜೂನ್‌ನಲ್ಲಿ ಅಲ್ಲಿಂದ ವಿದ್ಯುತ್ ಮೊದಲು ಹೋದದ್ದು ಜನರ ಮನೆಗಳಿಗಲ್ಲ, ಸುಮಾರು 147 ಕಿ.ಮೀ. ದೂರದಲ್ಲಿ ಬ್ರಿಟಿಷ್ ಕಂಪನಿಗಳು ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಿಗೆ. ಆ ವಿದ್ಯುತ್ ಮಾರ್ಗ ಆಗ ಜಗತ್ತಿನ ಅತಿ ಉದ್ದದವುಗಳಲ್ಲಿ ಒಂದು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಇಷ್ಟಕ್ಕೆಲ್ಲ ಕಾರಣರಾದ ಶೇಷಾದ್ರಿ ಅಯ್ಯರ್ ಮಾತ್ರ 1901ರ ಸೆಪ್ಟೆಂಬರ್‌ನಲ್ಲೇ ನಿಧನರಾಗಿದ್ದರು. ಇದ್ಯಾವುದನ್ನೂ ನೋಡಲು ಇರಲೇ ಇಲ್ಲ.

ಅರವತ್ತು ಪದ. ಕೊನೆಯ ವಾಕ್ಯದಲ್ಲಿ ನಾನು ಪದ ಉಳಿಸಲು ಹೋಗಿಲ್ಲ ಎಂಬುದನ್ನು ನೋಡಿ. 'ನೋಡಲಿಲ್ಲ' ಎಂದರೆ ಎರಡು ಪದ ಕಡಿಮೆಯಾಗುತ್ತಿತ್ತು, ಆದರೆ ಲೇಖಕರ ದನಿ ಇದ್ದದ್ದೇ 'ಇರಲೇ ಇಲ್ಲ' ಎಂಬಲ್ಲಿ. ಬೇರೆ ಕಡೆ ಉಳಿಸಿದ ಪದಗಳನ್ನು ಇಲ್ಲಿ ಖರ್ಚು ಮಾಡುವುದು ಸರಿ. ಮೂಲದಲ್ಲಿ ಮೊದಲು 'ಇರಲೇ ಇಲ್ಲ' ಬಂದು ಆಮೇಲೆ ದಿನಾಂಕ, ಅದರ ಮೇಲೆ 'ಬೇಸರದ ಸಂಗತಿ' ಇತ್ತು. ದಿನಾಂಕವನ್ನು ಮುಂದಕ್ಕೆ ತಂದು, ಒತ್ತಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ. ಬೇಸರ ಎಂಬ ಪದವಿಲ್ಲದೆಯೂ ಬೇಸರ ಅಲ್ಲೇ ಇದೆ.

ಐದನೆಯ ಹೆಜ್ಜೆ: ತಾಳೆ ನೋಡುವುದು

ಪಟ್ಟಿಯ ಹತ್ತು ಸಂಖ್ಯೆಗಳನ್ನೂ ಹೊಸ ಪ್ಯಾರಾದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಜಾಗ ಸಿಗದ ಸಂಖ್ಯೆ ಇದ್ದರೆ ಆ ಸಂಗತಿ ಬಿಟ್ಟುಹೋಗಿದೆ. ಆಮೇಲೆ ತಿರುಗಿಸಿ ನೋಡಿ: ಹೊಸ ಪ್ಯಾರಾದಲ್ಲಿ ಸಂಖ್ಯೆ ಇಲ್ಲದ ಮಾತು ಯಾವುದಾದರೂ ಇದೆಯೇ? ಇದ್ದರೆ ಅದು ನೀವು ಸೇರಿಸಿದ್ದು, ಲೇಖಕರದ್ದಲ್ಲ. 'ಕಟ್ಟಿಸಿದ' ಎಂಬಂಥ ತಪ್ಪು ಸಿಕ್ಕಿಬೀಳುವುದು ಈ ಎರಡನೆಯ ಸುತ್ತಿನಲ್ಲಿ.

ಒತ್ತಿನ ಪರೀಕ್ಷೆಗೆ ಮೂಲವನ್ನು ಓದಿರದ ಒಬ್ಬರು ಬೇಕು. ಹೊಸ ಪ್ಯಾರಾವನ್ನು ಅವರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, 'ಇದರಲ್ಲಿ ನಿಮಗೆ ಉಳಿದದ್ದೇನು?' ಎಂದು ಕೇಳಿ. 'ಪಾಪ, ಅವರೇ ನೋಡಲಿಲ್ಲವಲ್ಲ' ಎಂದರೆ ಸರಿಯಾಗಿದೆ. 'ಮೊದಲು ಗಣಿಗೆ ಕೊಟ್ಟರಂತೆ' ಎಂದರೆ ಎರಡನೆಯ ಒತ್ತು ಮೇಲೆದ್ದಿದೆ ಎಂದರ್ಥ, ಎರಡನೆಯ ವಾಕ್ಯವನ್ನು ಸ್ವಲ್ಪ ತಗ್ಗಿಸಬೇಕು. ಇಸವಿಗಳನ್ನಷ್ಟೇ ಹೇಳಿದರೆ ಪ್ಯಾರಾ ಪಟ್ಟಿಯಂತಾಗಿದೆ.

ಉದ್ದವನ್ನು ಅಳೆಯುವಾಗ ಪದಗಳ ಲೆಕ್ಕವೊಂದನ್ನೇ ನಂಬಬೇಡಿ. ಕನ್ನಡದಲ್ಲಿ 'ಮನೆಗಳಿಗೆ ಅಲ್ಲ' ಎಂಬುದನ್ನು 'ಮನೆಗಳಿಗಲ್ಲ' ಎಂದು ಸಂಧಿ ಮಾಡಿದರೆ ಒಂದು ಪದ ಕಡಿಮೆಯಾಯಿತು, ಪುಟದಲ್ಲಿ ಉಳಿದ ಜಾಗ ಅತ್ಯಲ್ಪ. ಪದಗಳನ್ನು ಅಂಟಿಸುತ್ತಾ ಹೋದರೆ ಏನೂ ಕತ್ತರಿಸದೆಯೇ ಲೆಕ್ಕ ಇಳಿಸಬಹುದು. ಹಾಗಾಗಿ ಅಕ್ಷರಗಳನ್ನೂ ಎಣಿಸಿ, ಇಲ್ಲವೇ ಅದೇ ಅಚ್ಚಿನ ಗಾತ್ರದಲ್ಲಿ ಸಾಲುಗಳನ್ನು ನೋಡಿ. ನಮ್ಮ ಪ್ಯಾರಾ ಪದಗಳಲ್ಲಿ 119ರಿಂದ 60ಕ್ಕೆ ಇಳಿದಿದೆ, ಅಕ್ಷರಗಳ ಲೆಕ್ಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆಯೇ ಇದೆ.

ಅರ್ಧಕ್ಕೆ ಇಳಿಯದ ಪ್ಯಾರಾಗಳು

ಎಲ್ಲ ಪ್ಯಾರಾವನ್ನೂ ಹೀಗೆ ಇಳಿಸಲು ಆಗುವುದಿಲ್ಲ. ಆಗುವುದೋ ಇಲ್ಲವೋ ಎಂಬುದು ಎರಡನೆಯ ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಪದಗಳನ್ನು ಸಂಗತಿಗಳ ಸಂಖ್ಯೆಯಿಂದ ಭಾಗಿಸಿ. ನಮ್ಮಲ್ಲಿ 119 ಪದಕ್ಕೆ ಹತ್ತು ಸಂಗತಿ, ಅಂದರೆ ಒಂದಕ್ಕೆ ಹನ್ನೆರಡು ಪದ. ಕತ್ತರಿಸಿದ ಮೇಲೆ ಒಂದಕ್ಕೆ ಆರು. ನನ್ನ ಅನುಭವದಲ್ಲಿ ಓದುವಂಥ ಕನ್ನಡ ಗದ್ಯ ಇದಕ್ಕಿಂತ ಕೆಳಗೆ ಇಳಿದರೆ ತಂತಿ ಸಂದೇಶದಂತಾಗುತ್ತದೆ. ಮೂಲದಲ್ಲೇ ಒಂದು ಸಂಗತಿಗೆ ಏಳೆಂಟು ಪದವಿದ್ದರೆ ಆ ಪ್ಯಾರಾವನ್ನು ಅರ್ಧ ಮಾಡುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ಹೆಚ್ಚೆಂದರೆ ಕಾಲು ಭಾಗ ಇಳಿಸಬಹುದು ಎಂದು ಹೇಳಿ, ಅದಕ್ಕೂ ಹೆಚ್ಚು ಬೇಕೆಂದರೆ ಯಾವ ಸಂಗತಿ ಬಿಡಬೇಕು ಎಂದು ಕೇಳಿ. ಬಿಡುವ ತೀರ್ಮಾನ ಬರೆದವರದ್ದು.

ಉಲ್ಲೇಖ ಚಿಹ್ನೆಯೊಳಗಿನ ಮಾತು, ಕಾನೂನಿನ ಕಲಂ, ಆದೇಶದ ಪಠ್ಯ, ಔಷಧಿಯ ಪ್ರಮಾಣ ಇವು ಪ್ಯಾರಾದಲ್ಲಿದ್ದರೆ ಅವನ್ನು ಲೆಕ್ಕದಿಂದ ಹೊರಗಿಟ್ಟು ಉಳಿದದ್ದನ್ನಷ್ಟೇ ಅರ್ಧ ಮಾಡಿ. ಕತ್ತರಿಸಿದ ರೂಪವನ್ನು ಬರೆದವರಿಗೆ ಕಳಿಸುವಾಗ ಸಂಗತಿಗಳ ಪಟ್ಟಿಯನ್ನೂ ಜೊತೆಗೆ ಕಳಿಸಿ. 'ನನ್ನ ಲೇಖನವನ್ನು ಕತ್ತರಿಸಿಬಿಟ್ಟಿರಿ' ಎಂಬ ಮಾತು ಬರುವ ಮುಂಚೆಯೇ ಹತ್ತೂ ಅಲ್ಲಿವೆ ಎಂಬುದು ಅವರ ಕಣ್ಣಿಗೆ ಬೀಳುತ್ತದೆ. ಅವರು ಹನ್ನೊಂದನೆಯದೊಂದನ್ನು ಪಟ್ಟಿಗೆ ಸೇರಿಸಿ ವಾಪಸು ಕಳಿಸಿದರೆ ಅದಕ್ಕೆ ಆರು ಪದಗಳ ಜಾಗ ಮಾಡಿಕೊಡಿ.